ಮೆಟರ್ನಿಟಿ ಫೋಟೊ ಟಚಪ್: ಬಣ್ಣ ಸಮ ಮಾಡುವುದು, ನೆರಳು ಮೆದುಗೊಳಿಸುವುದು, ಮೈ ಇದ್ದ ಹಾಗೇ ಬಿಡುವುದು

ಏಳೆಂಟನೇ ತಿಂಗಳಲ್ಲಿ, ಸೀಮಂತದ ಆಸುಪಾಸಿನಲ್ಲಿ ಮೆಟರ್ನಿಟಿ ಫೋಟೊ ತೆಗೆಸುವುದು ಈಗ ಊರಿನ ಸ್ಟುಡಿಯೋಗಳಲ್ಲೂ ಮಾಮೂಲಿ. ಫೋಟೊ ಕೈಗೆ ಬಂದ ಮೇಲೆ ಕೇಳಿಬರುವ ದೂರುಗಳು ಎರಡು ಥರ. "ಮುಖ ಒಂದು ಬಣ್ಣ, ಹೊಟ್ಟೆ ಒಂದು ಬಣ್ಣ ಕಾಣ್ತಿದೆ, ಎಡಿಟ್ ಮಾಡೇ ಇಲ್ವಾ?" ಅನ್ನುವುದು ಒಂದು. "ಇದು ನಾನೇನಾ?" ಅನ್ನುವುದು ಇನ್ನೊಂದು. ಮೊದಲನೆಯದು ಟಚಪ್ ಸಾಲದೆ ಬಂದದ್ದು. ಎರಡನೆಯದು ಟಚಪ್ ಜಾಸ್ತಿಯಾಗಿ ಬಂದದ್ದು. ಇವೆರಡರ ನಡುವೆ ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಒಂದೇ ಫೋಟೊ ಇಟ್ಟುಕೊಂಡು ನೋಡೋಣ. ಸ್ವತಃ ಎಡಿಟ್ ಮಾಡುವವರಿಗೆ ಇದು ದಾರಿ ತೋರಿಸುತ್ತದೆ. ಸ್ಟುಡಿಯೋಗೆ ಕೊಡುವವರಿಗೆ ಏನು ಕೇಳಬೇಕು ಅಂತ ಗೊತ್ತಾಗುತ್ತದೆ.

## ಬಣ್ಣ, ಬೆಳಕು, ಆಕಾರ

ಫೋಟೊದಲ್ಲಿ ಕಾಣುವ ಮೈಯನ್ನು ಮೂರು ಸಂಗತಿಗಳಾಗಿ ಬಿಡಿಸಿಕೊಳ್ಳಬಹುದು. ಬಣ್ಣ ಅಂದರೆ ಚರ್ಮ ಕೆಂಪಗಿದೆಯೋ, ಹಳದಿಯೋ, ಕಂದೋ ಅನ್ನುವುದು. ಬೆಳಕು ಅಂದರೆ ಆ ಜಾಗ ಎಷ್ಟು ತಿಳಿ, ಎಷ್ಟು ಗಾಢ ಅನ್ನುವುದು. ಆಕಾರ ಅಂದರೆ ಮೈಯ ಅಂಚು ಎಲ್ಲಿ ಹಾದುಹೋಗುತ್ತದೆ ಅನ್ನುವುದು.

ಇದರಲ್ಲಿ ಒಂದು ಗುಟ್ಟಿದೆ. ಹೊಟ್ಟೆಯ ದುಂಡಗಿನ ರೂಪ ಅಂಚಿನಲ್ಲಿ ಇರುವುದಕ್ಕಿಂತ ಜಾಸ್ತಿ ನೆರಳಿನಲ್ಲಿ ಇರುತ್ತದೆ. ಕಾಗದದ ಮೇಲೆ ಪೆನ್ಸಿಲ್‌ನಿಂದ ಒಂದು ವೃತ್ತ ಬರೆದರೆ ಅದು ಬರೀ ವೃತ್ತ. ಅದರ ಒಂದು ಬದಿಗೆ ಪೆನ್ಸಿಲನ್ನು ಮೆಲ್ಲಗೆ ತೀಡಿ, ಗಾಢದಿಂದ ತಿಳಿಗೆ ತಂದರೆ ಅದೇ ವೃತ್ತ ಚೆಂಡಾಗುತ್ತದೆ. ಗೆರೆ ಬದಲಾಗಿಲ್ಲ, ಆದರೂ ಅದು ದುಂಡಗಾಯಿತು. ಎದುರಿನಿಂದ ತೆಗೆದ ಹೊಟ್ಟೆಯ ಫೋಟೊದಲ್ಲೂ ಇದೇ ನಡೆಯುತ್ತದೆ. ಆ ನೆರಳನ್ನು ಒರೆಸಿಬಿಟ್ಟರೆ ತುಂಬು ಗರ್ಭಿಣಿಯ ಹೊಟ್ಟೆ ಚಪ್ಪಟೆಯಾಗುತ್ತದೆ. ಮೊಬೈಲಿನ ಬ್ಯೂಟಿ ಫಿಲ್ಟರ್ ಹಾಕಿದಾಗ ಆಗುವ ಎಡವಟ್ಟು ಬಹುತೇಕ ಇದೇ. ಅದು ಅಕ್ಕಪಕ್ಕದ ಚುಕ್ಕಿಗಳನ್ನು ಬೆರೆಸಿ ಸರಾಸರಿ ಮಾಡುತ್ತದೆ. ಚರ್ಮದ ಸಣ್ಣ ರಂಧ್ರಗಳು ಹೋಗುತ್ತವೆ, ಜೊತೆಗೆ ಬೆಳಕಿನ ಏರಿಳಿತವೂ ಹೋಗುತ್ತದೆ.

ಹಾಗಾಗಿ ಈ ಕೆಲಸದಲ್ಲಿ ನಾನು ಪಾಲಿಸುವ ಅಳತೆ ಹೀಗಿದೆ: ಬಣ್ಣವನ್ನು ಧಾರಾಳವಾಗಿ ಸರಿಮಾಡಬಹುದು, ಬೆಳಕನ್ನು ಸ್ವಲ್ಪ ಮಾತ್ರ, ಆಕಾರವನ್ನು ಮುಟ್ಟಲೇಬಾರದು.

## ನಮ್ಮ ಮುಂದಿರುವ ಫೋಟೊ

ಎಂಟನೇ ತಿಂಗಳಿನ ತಾಯಿ. ಹಸಿರು ಮೈಸೂರು ಸಿಲ್ಕ್ ಸೀರೆ, ಕೈತುಂಬ ಹಸಿರು ಗಾಜಿನ ಬಳೆ. ಸೆರಗನ್ನು ಪಕ್ಕಕ್ಕೆ ಸರಿಸಿ, ಹೊಟ್ಟೆಯ ಮೇಲೊಂದು ಕೆಳಗೊಂದು ಕೈ ಇಟ್ಟು ನಿಂತಿದ್ದಾರೆ. ಬೆಳಕು ಎಡಗಡೆಯ ಕಿಟಕಿಯಿಂದ ಬರುತ್ತಿದೆ. ಬಲಗಡೆಯ ಗೋಡೆ ದೂರ ಇದೆ, ಹಾಗಾಗಿ ಆ ಕಡೆ ನೆರಳು ಗಾಢ.

ಹತ್ತಿರದಿಂದ ನೋಡಿದರೆ ಏನೇನು ಕಾಣುತ್ತದೆ? ಮುಖಕ್ಕೆ ಫೌಂಡೇಶನ್ ಹಚ್ಚಿದ್ದರಿಂದ ಅದು ಕತ್ತಿಗಿಂತ ಒಂದು ಮೆಟ್ಟಿಲು ತಿಳಿ. ಹೊಟ್ಟೆಯ ಕೆಳಭಾಗಕ್ಕೆ ಸೀರೆಯ ಹಸಿರು ಬಡಿದಿದೆ. ಬೆರಳ ಗೆಣ್ಣುಗಳು ಕೆಂಪಗಿವೆ. ಸೊಂಟದ ಸುತ್ತ ಲಂಗದ ಲಾಡಿ ಕಚ್ಚಿದ ಗುರುತು. ಹೊಕ್ಕುಳಿನ ಮೇಲೂ ಕೆಳಗೂ ಹಾಯುವ ಒಂದು ಕಂದು ಗೆರೆ. ಪಕ್ಕೆಯಲ್ಲಿ ಸ್ಟ್ರೆಚ್ ಮಾರ್ಕ್. ಮೇಲಿನ ಕೈಯ ಬಳೆಗಳ ನೆರಳು ಹೊಟ್ಟೆಯ ಮೇಲೆ ಚೂಪಾದ ಪಟ್ಟಿಗಳಾಗಿ ಬಿದ್ದಿದೆ. ಇವೆಲ್ಲ ಒಂದೇ ಜಾತಿಯ "ಕಲೆ"ಗಳಲ್ಲ, ಒಂದೊಂದಕ್ಕೂ ಒಂದೊಂದು ಉಪಾಯ ಬೇಕು.

## ಬಣ್ಣ ಸಮ ಮಾಡುವುದು

ಬಣ್ಣ ಸಮ ಮಾಡುವುದು ಅಂದರೆ ಬೆಳ್ಳಗೆ ಮಾಡುವುದಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮಲ್ಲಿ ಆ ಎರಡೂ ಒಂದೇ ಅಂದುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಇಲ್ಲಿ ಕೆಲಸ ಏನೆಂದರೆ, ಅದೇ ಮೈಯಲ್ಲಿ ಸರಿಯಾಗಿ ಬಂದಿರುವ ಒಂದು ಜಾಗವನ್ನು ಆರಿಸಿ, ದಾರಿ ತಪ್ಪಿದ ಜಾಗಗಳನ್ನು ಅದರ ಹತ್ತಿರಕ್ಕೆ ತರುವುದು.

ಆ ಸರಿಯಾದ ಜಾಗ ಮುಖ ಅಲ್ಲ, ಅಲ್ಲಿ ಮೇಕಪ್ ಇದೆ. ನಮ್ಮ ಫೋಟೊದಲ್ಲಿ ಹೊಟ್ಟೆಯ ಮೇಲ್ಭಾಗ, ಕಿಟಕಿಯ ಬೆಳಕು ನೇರವಾಗಿ ಬೀಳುವ ಕಡೆ, ಒಳ್ಳೆಯ ಆಯ್ಕೆ. ಅಲ್ಲಿ ಸೀರೆಯ ಬಣ್ಣವೂ ಇಲ್ಲ, ಪೌಡರೂ ಇಲ್ಲ.

ಕಣ್ಣನ್ನು ಮಾತ್ರ ನಂಬುವುದು ಕಷ್ಟ, ಹಸಿರು ಸೀರೆಯ ಪಕ್ಕದಲ್ಲಿ ಚರ್ಮ ಸುಮ್ನೆ ಕೆಂಪಗೆ ಕಾಣುತ್ತದೆ. ಫೋಟೊಶಾಪ್‌ನ Info ಪ್ಯಾನೆಲ್ ತೆರೆದು ಆ ಜಾಗಗಳ ಮೇಲೆ ಮೌಸ್ ಇಟ್ಟರೆ ಕೆಂಪು, ಹಸಿರು, ನೀಲಿಯ ಮೂರು ಸಂಖ್ಯೆ ತೋರಿಸುತ್ತದೆ. ಸರಿಯಾದ ಬಿಳಿ ಬೆಳಕಿನಲ್ಲಿ ತೆಗೆದ ಚರ್ಮದಲ್ಲಿ, ಅದು ಯಾವ ಬಣ್ಣದ ಮೈಯೇ ಆಗಿರಲಿ, ಸಾಮಾನ್ಯವಾಗಿ ಕೆಂಪು ಎಲ್ಲಕ್ಕಿಂತ ಜಾಸ್ತಿ, ಹಸಿರು ಮಧ್ಯ, ನೀಲಿ ಕಡಿಮೆ ಇರುತ್ತದೆ.

ನಮ್ಮ ಫೋಟೊದಲ್ಲಿ ಹೊಟ್ಟೆಯ ಮೇಲ್ಭಾಗ 176, 128, 98 ಅಂತ ಓದುತ್ತದೆ ಅಂದುಕೊಳ್ಳಿ. ಕೆಳಭಾಗ, ಸೀರೆಯ ಅಂಚಿನ ಹತ್ತಿರ, 150, 126, 88. ಕೆಳಗೆ ಬೆಳಕು ಕಡಿಮೆ, ಹಾಗಾಗಿ ಮೂರೂ ಸಂಖ್ಯೆ ಒಂದೇ ಪ್ರಮಾಣದಲ್ಲಿ ಇಳಿಯಬೇಕಿತ್ತು. ಕೆಂಪು 150ಕ್ಕೆ ಇಳಿದರೆ ಹಸಿರು 109ರ ಸುಮಾರಿಗೆ ಬರಬೇಕು. ಆದರೆ 126ರಲ್ಲೇ ನಿಂತಿದೆ. ಆ ಹೆಚ್ಚಿನ ಹಸಿರು ಅವರ ಮೈಯದಲ್ಲ, ರೇಷ್ಮೆಯಿಂದ ಪುಟಿದು ಬಂದ ಬೆಳಕಿನದು.

ಇದನ್ನು ಸರಿಮಾಡಲು ಸುಲಭವಾದ ದಾರಿ ಹೀಗೆ. ಫೋಟೊದ ಮೇಲೆ ಹೊಸ ಖಾಲಿ ಲೇಯರ್ ಒಂದನ್ನು ಇಟ್ಟು, ಅದರ ಬ್ಲೆಂಡ್ ಮೋಡನ್ನು Color ಮಾಡಿ. ಈ ಮೋಡ್‌ನ ಗುಣವೇ ಅದು: ಮೇಲಿನ ಲೇಯರಿನಿಂದ ಬಣ್ಣವನ್ನಷ್ಟೇ ತೆಗೆದುಕೊಳ್ಳುತ್ತದೆ, ಕೆಳಗಿನ ಫೋಟೊದ ತಿಳಿ-ಗಾಢವನ್ನು ಇದ್ದ ಹಾಗೆ ಬಿಡುತ್ತದೆ. ಅಂದರೆ ದುಂಡಗಿನ ರೂಪ ಕೆಡುವ ಭಯವಿಲ್ಲ. GIMP ಬಳಸುವವರಿಗೆ LCh Color ಅನ್ನುವ ಮೋಡ್ ಇದೇ ಕೆಲಸಕ್ಕಿದೆ. ಮೇಲ್ಭಾಗದ ಒಳ್ಳೆಯ ಚರ್ಮದಿಂದ ಬಣ್ಣ ಎತ್ತಿಕೊಂಡು, ಅಂಚು ಮೆದುವಾದ ದೊಡ್ಡ ಬ್ರಶ್‌ನಲ್ಲಿ, Opacity ಶೇಕಡ 10ರಿಂದ 15ರಷ್ಟೇ ಇಟ್ಟು ಹಸಿರು ಜಾಗದ ಮೇಲೆ ಹಲವು ಸಲ ಸವರಿ.

ಪೂರ್ತಿ Opacityಯಲ್ಲಿ ಬಳಿದಿದ್ದರೆ ಆ ಕೆಳಭಾಗ ಹೆಚ್ಚುಕಮ್ಮಿ 166, 118, 88 ಆಗುತ್ತಿತ್ತು. ಅರ್ಧಕ್ಕೆ ನಿಲ್ಲಿಸಿದರೆ 158, 122, 88. ನಾನಾದರೆ ಅರ್ಧಕ್ಕಿಂತ ಸ್ವಲ್ಪ ಮುಂದೆ ಹೋಗಿ ನಿಲ್ಲಿಸುತ್ತೇನೆ. ಹಸಿರು ಸೀರೆ ಉಟ್ಟವರ ಹೊಟ್ಟೆಗೆ ಚೂರೂ ಹಸಿರು ತಾಗದಿದ್ದರೆ, ಮೈಯನ್ನು ಬೇರೆಲ್ಲೋ ಕತ್ತರಿಸಿ ತಂದು ಅಂಟಿಸಿದ ಹಾಗೆ ಕಾಣುತ್ತದೆ.

ಬೆರಳ ಗೆಣ್ಣಿನ ಕೆಂಪಿಗೂ ಇದೇ ಲೇಯರ್ ಸಾಕು, ಬ್ರಶ್ ಮಾತ್ರ ಚಿಕ್ಕದಿರಲಿ. ಆದರೆ ಮದರಂಗಿ ಹಾಕಿದ್ದರೆ ಅಂಗೈ, ಬೆರಳ ತುದಿ ಬಿಟ್ಟು ಸವರಿ. ತುಟಿ, ಉಗುರು, ಅರಿಶಿನ ಹಚ್ಚಿದ ಕೆನ್ನೆಗೂ ಅದೇ ಮಾತು. ಸಮ ಮಾಡುವ ಭರದಲ್ಲಿ ಅರಿಶಿನ ಮಾಯವಾದರೆ ಮನೆಯ ಹಿರಿಯರು ಮೊದಲು ಕೇಳುವುದೇ ಅದನ್ನು.

ಮುಖ ಕತ್ತಿಗಿಂತ ತಿಳಿಯಾಗಿರುವುದು ಮಾತ್ರ ಬೇರೆ ಸಮಸ್ಯೆ, ಅದು ಬೆಳಕಿನದೂ ಹೌದು. ಸಾಮಾನ್ಯವಾಗಿ ಜನ ಕತ್ತು, ಹೊಟ್ಟೆ, ಕೈಗಳನ್ನೆಲ್ಲ ಮುಖದ ಮಟ್ಟಕ್ಕೆ ಏರಿಸುತ್ತಾರೆ. ತಿರುಗಿಸಿ ಮಾಡಿ. ತಿಳಿ-ಗಾಢ ಬದಲಿಸುವ Curves ಲೇಯರ್‌ನಲ್ಲಿ ಮುಖವನ್ನು ಕೂದಲೆಳೆಯಷ್ಟು ಇಳಿಸಿದರೆ ಸಾಕು, ಇಡೀ ಮೈ ಒಂದಾಗುತ್ತದೆ. ಬದಲಾಯಿಸಿದ ಜಾಗ ಕಡಿಮೆ, ಫೋಟೊದಲ್ಲಿ ಅವರ ನಿಜವಾದ ಬಣ್ಣವೂ ಉಳಿಯುತ್ತದೆ.

## ನೆರಳು: ಎರಡು ಜಾತಿ, ಎರಡು ನ್ಯಾಯ

ಮೈಯ ಮೇಲೆ ಕಾಣುವ ನೆರಳಿನಲ್ಲಿ ಎರಡು ಬಗೆ. ಮೈ ಬೆಳಕಿನಿಂದ ಆಚೆಗೆ ತಿರುಗುವಾಗ ಉಂಟಾಗುವುದು ಒಂದು. ಹೊಟ್ಟೆಯ ಬಲಗಡೆ ನಿಧಾನಕ್ಕೆ ಗಾಢವಾಗುತ್ತಾ ಹೋಗುವುದು ಇದೇ. ಇದನ್ನು ಮೈನೆರಳು ಅಂತ ಕರೆಯೋಣ. ಯಾವುದೋ ವಸ್ತು ಬೆಳಕಿಗೆ ಅಡ್ಡ ಬಂದು ಬೀಳುವುದು ಇನ್ನೊಂದು. ಬಳೆಗಳ ಪಟ್ಟಿ, ಮಾಂಗಲ್ಯ ಸರದ ಗೆರೆ, ಕೈಯ ನೆರಳು ಇವು ಆ ಜಾತಿ. ಇದು ಬೀಳುನೆರಳು.

ಬೀಳುನೆರಳಿನ ಅಂಚು ಚೂಪಾಗಿದೆಯೋ ಮೆದುವಾಗಿದೆಯೋ ಅನ್ನುವುದನ್ನು ಬೆಳಕಿನ ಮೂಲದ ಅಗಲ ತೀರ್ಮಾನಿಸುತ್ತದೆ. ಸಣ್ಣ ಬಲ್ಬು, ಫ್ಲ್ಯಾಶ್, ಮಟಮಟ ಮಧ್ಯಾಹ್ನದ ಸೂರ್ಯ ಚೂಪಾದ ಅಂಚು ಕೊಡುತ್ತವೆ. ದೊಡ್ಡ ಕಿಟಕಿ, ಮೋಡ ಕವಿದ ಆಕಾಶ ಮೆದು ಅಂಚು ಕೊಡುತ್ತವೆ. ನೇರ ಬಿಸಿಲು ಒಳಗೆ ಬರುವ ಕಿಟಕಿಗೆ ತೆಳುವಾದ ಬಿಳಿ ಪಂಚೆಯೊಂದನ್ನು ಕಟ್ಟಿದ್ದರೆ ಬಳೆಯ ಪಟ್ಟಿಗಳು ಅಷ್ಟು ಚೂಪಾಗಿ ಬೀಳುತ್ತಲೇ ಇರಲಿಲ್ಲ. ಅರ್ಧ ಗಂಟೆಯ ಎಡಿಟಿಂಗ್ ಅಲ್ಲಿಗೇ ಉಳಿಯುತ್ತಿತ್ತು.

ಈಗ ಫೋಟೊ ತೆಗೆದಾಗಿದೆ. ಬೀಳುನೆರಳನ್ನು ಪೂರ್ತಿ ತೆಗೆಯುವ ಅಗತ್ಯವಿಲ್ಲ, ತೆಗೆದರೆ ಬಳೆಗಳು ಗಾಳಿಯಲ್ಲಿ ತೇಲಿದ ಹಾಗೆ ಕಾಣುತ್ತವೆ. ಅಂಚನ್ನು ಮೆದು ಮಾಡಿದರೆ ಸಾಕು. ಒಂದು Curves ಲೇಯರ್ ತೆರೆದು, ಗೆರೆಯ ಮಧ್ಯಭಾಗವನ್ನು ಸ್ವಲ್ಪ ಮೇಲಕ್ಕೆತ್ತಿ. ಇಡೀ ಫೋಟೊ ತಿಳಿಯಾಗುತ್ತದೆ, ಗಾಬರಿ ಬೇಡ. ಆ ಲೇಯರ್ ಎಲ್ಲೆಲ್ಲಿ ಕಾಣಬೇಕು ಅಂತ ತೀರ್ಮಾನಿಸುವ ಮಾಸ್ಕನ್ನು ಕಪ್ಪು ಮಾಡಿ, ಎಲ್ಲ ಮೊದಲಿನಂತಾಗುತ್ತದೆ. ಈಗ ಬಿಳಿ ಬ್ರಶ್ಶಿನ Flow ಶೇಕಡ 2 ಅಥವಾ 3 ಇಟ್ಟು, ನೆರಳಿನ ಅಂಚಿನ ಮೇಲಷ್ಟೇ ಹಲವು ಸಲ ಹಾಯಿರಿ. ಬ್ರಶ್ ಎಷ್ಟು ಸಲ ಹಾದರೆ ಅಷ್ಟು ತಿಳಿ. ಕೈ ಬಿಗಿ ಹಿಡಿದು ಒಂದೇ ಸಲಕ್ಕೆ ಮಾಡುವ ಕೆಲಸ ಅಲ್ಲ ಇದು.

ಮೈನೆರಳಿಗೆ ನ್ಯಾಯವೇ ಬೇರೆ. ಅದರ ಆಳ ಉಳಿಯಬೇಕು. ಬಲಗಡೆ ತೀರಾ ಕಪ್ಪಾಗಿ ಚರ್ಮವೇ ಕಾಣದಿದ್ದರೆ, ಅಲ್ಲಿ ಚರ್ಮ ಇದೆ ಅಂತ ಗೊತ್ತಾಗುವಷ್ಟು ಎತ್ತಿ, ಅಷ್ಟೇ. ಲೈಟ್‌ರೂಮಿನ Shadows ಪಟ್ಟಿಯನ್ನು ಬಲಕ್ಕೆ ಎಳೆದರೆ ಕೆಲಸ ಒಂದೇ ಏಟಿಗೆ ಮುಗಿದ ಹಾಗೆ ಅನ್ನಿಸುತ್ತದೆ. ಆದರೆ ಅದು ಹೊಟ್ಟೆಯ ಮೈನೆರಳನ್ನೂ, ಸೀರೆಯ ನೆರಿಗೆಯ ನೆರಳನ್ನೂ, ಹಿಂದಿನ ಗೋಡೆಯನ್ನೂ ಒಟ್ಟಿಗೆ ಎತ್ತುತ್ತದೆ. ಎಲ್ಲ ಒಂದೇ ಮಟ್ಟಕ್ಕೆ ಬಂದು ಚಿತ್ರ ಚಪ್ಪಟೆಯಾಗುತ್ತದೆ.

ಗೋಧಿ ಬಣ್ಣದ, ಕಪ್ಪು ಬಣ್ಣದ ಮೈಯಲ್ಲಿ ಇನ್ನೊಂದು ತೊಂದರೆ ಇದೆ. ನೆರಳನ್ನು ಎತ್ತಿದಾಗ ಚರ್ಮಕ್ಕೆ ಬೂದಿ ಬಳಿದ ಹಾಗಾಗುತ್ತದೆ. ಅಲ್ಲಿ ಬೆಳಕು ಹೆಚ್ಚಿತು, ಆದರೆ ಆ ಬೆಳಕಿಗೆ ತಕ್ಕಷ್ಟು ಕೆಂಪು-ಹಳದಿ ಜೊತೆಗೆ ಬರಲಿಲ್ಲ. ಮತ್ತೆ ಬೆಳಕು ಇಳಿಸಬೇಕಿಲ್ಲ. ಮೊದಲು ಮಾಡಿದ Color ಲೇಯರಿಗೆ ಹಿಂತಿರುಗಿ, ಬೂದಿಯಾದ ಕಡೆ ಒಂದು ಸಲ ಸವರಿದರೆ ಚರ್ಮಕ್ಕೆ ಜೀವ ಬರುತ್ತದೆ.

## ಯಾವ ಗುರುತು ಹೋಗಬೇಕು, ಯಾವುದು ಇರಬೇಕು

ಇಲ್ಲಿಗೆ ಬಂದಾಗ ಉಪಕರಣಕ್ಕಿಂತ ತಿಳುವಳಿಕೆ ಮುಖ್ಯ. ವೃತ್ತಿಯಲ್ಲಿ ಇರುವವರು ಒಂದು ಪ್ರಶ್ನೆ ಇಟ್ಟುಕೊಂಡಿರುತ್ತಾರೆ: ಈ ಗುರುತು ನಾಳೆ ಬೆಳಿಗ್ಗೆ ಇರುತ್ತದೆಯೇ?

ಲಂಗದ ಲಾಡಿಯ ಗುರುತು ಇರುವುದಿಲ್ಲ. ಲಾಡಿ ಸಡಿಲಿಸಿ ಸ್ವಲ್ಪ ಹೊತ್ತು ಕೂತರೆ ಹೋಗುತ್ತದೆ. ಆದ್ದರಿಂದ ಅದನ್ನು ತೆಗೆದರೆ ಮೈಯ ಬಗ್ಗೆ ಸುಳ್ಳು ಹೇಳಿದಂತಾಗುವುದಿಲ್ಲ. ತೆಗೆಯುವ ರೀತಿ ಮಾತ್ರ ಜಾಗ್ರತೆಯದು. ಲಾಡಿಯ ಗುರುತು ಬರೀ ಕೆಂಪು ಗೆರೆಯಲ್ಲ, ಚರ್ಮ ಅಲ್ಲಿ ಕೊಂಚ ತಗ್ಗಿಗೆ ಹೋಗಿರುತ್ತದೆ. ತಗ್ಗಿನ ಒಂದು ಅಂಚಿಗೆ ಸಣ್ಣ ನೆರಳು, ಇನ್ನೊಂದು ಅಂಚಿಗೆ ಸಣ್ಣ ಹೊಳಪು. ಬಣ್ಣ ಮಾತ್ರ ಸರಿಮಾಡಿದರೆ ಕೆಂಪು ಹೋಗಿ ತಗ್ಗು ಉಳಿಯುತ್ತದೆ. Healing Brush ಹಿಡಿದು, ಅದೇ ಎತ್ತರದ ಪಕ್ಕದ ಚರ್ಮದಿಂದ ಮಾದರಿ ತೆಗೆದುಕೊಂಡು, ಗೆರೆಯ ಉದ್ದಕ್ಕೆ ತುಂಡುತುಂಡಾಗಿ ಮುಚ್ಚಬೇಕು. ಮಾದರಿಯನ್ನು ಬೆಳಕಿನ ಕಡೆಯಿಂದ ಎತ್ತಿ ನೆರಳಿನ ಕಡೆಗೆ ಹಾಕಿದರೆ ತೇಪೆ ಎದ್ದು ಕಾಣುತ್ತದೆ. ಸೊಳ್ಳೆ ಕಚ್ಚಿದ ಗುಳ್ಳೆ, ಮೊಡವೆ, ಬ್ಲೌಸಿನ ಹೊಲಿಗೆ ಒತ್ತಿದ ಗುರುತುಗಳಿಗೂ ಇದೇ ಕ್ರಮ.

ಹೊಕ್ಕುಳಿನ ಕಂದು ಗೆರೆ ನಾಳೆಯೂ ಇರುತ್ತದೆ. ವೈದ್ಯರು ಇದನ್ನು ಲೀನಿಯಾ ನೈಗ್ರಾ ಅನ್ನುತ್ತಾರೆ. ಬಸಿರಿನಲ್ಲಿ ಹಾರ್ಮೋನುಗಳು ಏರಿದಾಗ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಜಾಸ್ತಿಯಾಗುತ್ತದೆ, ಮೊದಲೇ ಇದ್ದ ತಿಳಿ ಗೆರೆ ಗಾಢವಾಗುತ್ತದೆ. ಹೆರಿಗೆಯಾಗಿ ಕೆಲವು ತಿಂಗಳಿಗೆ ಸಾಮಾನ್ಯವಾಗಿ ಮಾಸುತ್ತದೆ. ಕೆನ್ನೆಯ ಬಂಗು, ಕತ್ತಿನ ಕಪ್ಪು ಬರುವುದೂ ಹೆಚ್ಚಾಗಿ ಇದೇ ಕಾರಣಕ್ಕೆ. ಈ ಗೆರೆ ಇರುವುದೇ ಆ ಕಾಲದ ಗುರುತಾಗಿ, ಹಾಗಾಗಿ ನಾನು ಮುಟ್ಟುವುದಿಲ್ಲ. ಮೇಲಿನ Color ಲೇಯರ್ ಸವರುವಾಗ ಅದು ತಾನೇ ಸ್ವಲ್ಪ ಬಣ್ಣ ಕಳೆದುಕೊಂಡಿದ್ದರೆ, ಆ ಲೇಯರಿಗೂ ಒಂದು ಮಾಸ್ಕ್ ಸೇರಿಸಿ, ಅದರಲ್ಲಿ ಆ ಗೆರೆಯ ಮೇಲೆ ಕಪ್ಪು ಬ್ರಶ್ ಎಳೆದು ವಾಪಸ್ ತರುತ್ತೇನೆ.

ಸ್ಟ್ರೆಚ್ ಮಾರ್ಕ್ ವಿಷಯಕ್ಕೆ ತಾಯಿಯನ್ನೇ ಕೇಳಬೇಕು. ಫೋಟೊ ತೆಗೆಯುವ ಮೊದಲೇ ಕೇಳಿದರೆ ಇನ್ನೂ ಒಳ್ಳೆಯದು. ಗಂಡನನ್ನೋ ಅತ್ತೆಯನ್ನೋ ಅಲ್ಲ, ಅವರನ್ನೇ. ಕೆಲವರಿಗೆ ಅದು ಹಾಗೇ ಇರಬೇಕು, ಕೆಲವರಿಗೆ ಕಾಣಲೇಬಾರದು. ಯಾವ ಸೂಚನೆಯೂ ಇಲ್ಲದಿದ್ದರೆ ನಡುವಿನ ದಾರಿ ಒಂದಿದೆ. ಹೊಸ ಸ್ಟ್ರೆಚ್ ಮಾರ್ಕ್ ಕಣ್ಣಿಗೆ ಹೊಡೆಯುವುದು ಅದರ ಕೆಂಪು ಅಥವಾ ನೇರಳೆ ಬಣ್ಣದಿಂದ. Color ಲೇಯರ್‌ನಲ್ಲಿ ಆ ಬಣ್ಣವನ್ನು ಅರ್ಧ ತಗ್ಗಿಸಿ, ಗೆರೆಯ ಏರುತಗ್ಗನ್ನು ಬಿಡಿ. ದೂರದಿಂದ ನೋಡಿದಾಗ ಗಮನ ಸೆಳೆಯುವುದಿಲ್ಲ, ಹತ್ತಿರದಿಂದ ನೋಡಿದರೆ ಅಲ್ಲೇ ಇದೆ.

## ಆಕಾರಕ್ಕೆ ಯಾಕೆ ಕೈ ಹಾಕಬಾರದು

ಫೋಟೊಶಾಪ್‌ನಲ್ಲಿ Liquify ಅಂತ ಒಂದು ಉಪಕರಣವಿದೆ. ಮೈಯ ಅಂಚನ್ನು ತಳ್ಳಿ, ಎಳೆದು ಬದಲಿಸುತ್ತದೆ. ತೋಳು ಸಪೂರ, ಗಲ್ಲ ಚೂಪು, ಹೊಟ್ಟೆ ಇನ್ನಷ್ಟು ದುಂಡು, ಊದಿದ ಪಾದ ಸಣ್ಣ. ಎಲ್ಲ ನಿಮಿಷದಲ್ಲಿ ಆಗುತ್ತದೆ. ಸಿಕ್ಕಿಬೀಳುವುದೂ ಅಷ್ಟೇ ಬೇಗ. ಅಂಚನ್ನು ತಳ್ಳಿದಾಗ ಅದರ ಹಿಂದೆ ಇರುವುದೂ ಜೊತೆಗೆ ಬಾಗುತ್ತದೆ. ಬಾಗಿಲ ಚೌಕಟ್ಟು, ನೆಲದ ಟೈಲ್ಸ್ ಗೆರೆ, ಸೀರೆಯ ಜರಿ ಅಂಚು ನೋಡಿ. ನೇರ ಇರಬೇಕಾದದ್ದು ತೋಳಿನ ಹತ್ತಿರ ಬಳುಕಿದ್ದರೆ ಅಲ್ಲಿ ಕೈ ಆಡಿದೆ ಅಂತ ಲೆಕ್ಕ.

ಹೊಟ್ಟೆ ಒಂದು ಕಡೆ ಹೆಚ್ಚು ಉಬ್ಬಿ ಕಾಣುವುದು ತೆಗೆದವರ ತಪ್ಪಲ್ಲ. ಮಗು ಒಂದು ಬದಿಗೆ ಮಲಗಿದ್ದಾಗ ಹೊಟ್ಟೆ ಹಾಗೇ ಇರುತ್ತದೆ. ಅದನ್ನು "ಸರಿಮಾಡಿ" ಎರಡೂ ಕಡೆ ಸಮ ಮಾಡಿದ ಫೋಟೊಗಳನ್ನು ನೋಡಿದ್ದೇನೆ. ತಾಯಿಗೆ ಮಾತ್ರ ಅದು ಬೇರೆ ಯಾರದೋ ಹೊಟ್ಟೆ ಅನ್ನಿಸುತ್ತದೆ.

ಆಕಾರದ ದೂರಿಗೆ ಒಂದು ನಿಜವಾದ ಕಾರಣ ಇರುವುದು ಕ್ಯಾಮೆರಾದ ದೂರದಲ್ಲಿ. ಮೊಬೈಲಿನ ಮುಖ್ಯ ಲೆನ್ಸ್ ಅಗಲ ನೋಟದ್ದು, ಹಾಗಾಗಿ ಮೈ ಪೂರ್ತಿ ತುಂಬಿಸಲು ನಾವು ಹತ್ತಿರ ಹೋಗುತ್ತೇವೆ. ಹತ್ತಿರ ಹೋದಷ್ಟೂ ಕ್ಯಾಮೆರಾದ ಕಡೆ ಚಾಚಿದ್ದು ದೊಡ್ಡದಾಗಿ, ಹಿಂದಿರುವುದು ಸಣ್ಣದಾಗಿ ಬರುತ್ತದೆ. ಒಂದು ಮೀಟರ್ ದೂರದಿಂದ ತೆಗೆದ ಹೊಟ್ಟೆ ಇರುವುದಕ್ಕಿಂತ ದೊಡ್ಡದಾಗಿ, ಮುಖ ಸಣ್ಣದಾಗಿ ಕಾಣುವುದು ಇದಕ್ಕೇ. ಎರಡೂವರೆ ಮೀಟರ್ ದೂರಕ್ಕೆ ಹಿಂದೆ ಸರಿದು 2x ಅಥವಾ 3x ಒತ್ತಿದರೆ ಅಳತೆಗಳು ಕಣ್ಣಿಗೆ ಕಾಣುವ ಹಾಗೇ ಬರುತ್ತವೆ. Liquify ಹಿಡಿದು ತಿದ್ದಲು ಹೋಗುವ ಅರ್ಧ ತೊಂದರೆ ಈ ನಾಲ್ಕು ಹೆಜ್ಜೆಯಲ್ಲಿ ತೀರುತ್ತದೆ.

## ಕೆಲಸ ಮುಗಿಯಿತು ಅನ್ನುವ ಮುಂಚೆ

ಗಂಟೆಗಟ್ಟಲೆ ಒಂದೇ ಫೋಟೊ ನೋಡಿದ ಕಣ್ಣು ಅಳತೆ ಕಳೆದುಕೊಂಡಿರುತ್ತದೆ. ಎಲ್ಲಕ್ಕಿಂತ ಮೇಲೆ ಒಂದು Black & White ಲೇಯರ್ ಹಾಕಿ ನೋಡಿ. ಬಣ್ಣ ಹೋಗಿ ಬೆಳಕು ಮಾತ್ರ ಉಳಿಯುತ್ತದೆ. ಹೊಟ್ಟೆ ಇನ್ನೂ ದುಂಡಗೆ ಕಾಣುತ್ತಿದ್ದರೆ ಮೈನೆರಳು ಉಳಿದಿದೆ. ಅಲ್ಲಲ್ಲಿ ಮೋಡದ ಹಾಗೆ ತಿಳಿ ತೇಪೆಗಳು ಕಂಡರೆ ಅಲ್ಲಿ ಬ್ರಶ್ ಜಾಸ್ತಿಯಾಗಿದೆ.

ಆಮೇಲೆ ಫೋಟೊವನ್ನು ಶೇಕಡ 100ಕ್ಕೆ ಹಿಗ್ಗಿಸಿ ಹೊಕ್ಕುಳಿನ ಸುತ್ತ ನೋಡಿ. ಅಲ್ಲಿ ಸಣ್ಣ ಮಡಿಕೆ, ರಂಧ್ರ, ನವಿರು ಕೂದಲು ಇರಲೇಬೇಕು. ಹೊಕ್ಕುಳು ಚೂಪಾಗಿದ್ದು ಸುತ್ತಲ ಚರ್ಮ ಮೇಣದ ಹಾಗೆ ನುಣ್ಣಗಿದ್ದರೆ ಎಲ್ಲೋ ಮಸುಕು ಮಾಡಿದ್ದೀರಿ ಅಂತ ಅರ್ಥ. ಸ್ಟುಡಿಯೋದಿಂದ ಬಂದ ಫೋಟೊವನ್ನೂ ಇಲ್ಲೇ ಮೊದಲು ಪರೀಕ್ಷಿಸಬಹುದು.

ಮೊಬೈಲಿನ JPEG ಫೋಟೊದಲ್ಲಿ ಒಂದು ಮಿತಿ ಇದೆ. ಅದರಲ್ಲಿ ಪ್ರತಿ ಬಣ್ಣಕ್ಕೂ 256 ಮೆಟ್ಟಿಲು ಮಾತ್ರ. ಹೊಟ್ಟೆಯಂಥ ನುಣುಪಾದ ಮೈಯಲ್ಲಿ ನೆರಳನ್ನು ಜಾಸ್ತಿ ಎಳೆದರೆ ಆ ಮೆಟ್ಟಿಲುಗಳೇ ಪಟ್ಟೆಪಟ್ಟೆಯಾಗಿ ಕಾಣತೊಡಗುತ್ತವೆ. ಕ್ಯಾಮೆರಾದಲ್ಲಿ RAW ಆಗಿ ತೆಗೆದು 16 ಬಿಟ್‌ನಲ್ಲಿ ಎಡಿಟ್ ಮಾಡಿದರೆ ಈ ಕಾಟ ಇಲ್ಲ. JPEG ಒಂದೇ ಇದ್ದರೆ ನೆರಳಿಗೆ ಕೈ ಹಾಕುವುದನ್ನು ಇನ್ನಷ್ಟು ಕಡಿಮೆ ಮಾಡಿ.

ಆಲ್ಬಂ ಮಾಡಿಸುವುದಿದ್ದರೆ ಒಂದೇ ಒಂದು ಸಣ್ಣ ಪ್ರಿಂಟ್ ಮೊದಲು ತೆಗೆಸಿ ನೋಡಿ. ಸ್ಕ್ರೀನು ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಸ್ಕ್ರೀನಿನಲ್ಲಿ ಹಿತವಾಗಿ ಕಂಡ ಬಲಗಡೆಯ ಮೈನೆರಳು ಕಾಗದದಲ್ಲಿ ಕಪ್ಪಾಗಿ ಮುಚ್ಚಿಹೋಗಿದ್ದರೆ, ಪ್ರಿಂಟಿಗೆಂದೇ ಇನ್ನೊಂದು ಪ್ರತಿ ಮಾಡಿ. ಅದರಲ್ಲಿ ಇಡೀ ಫೋಟೊವನ್ನು ಒಟ್ಟಿಗೆ ಕೊಂಚ ತಿಳಿ ಮಾಡಿ. ನೆರಳನ್ನು ಮಾತ್ರ ಬೇರೆಯಾಗಿ ಎತ್ತಲು ಹೋದರೆ ಅಲ್ಲಿಯವರೆಗೆ ಉಳಿಸಿಕೊಂಡ ದುಂಡು ಅಲ್ಲಿಗೇ ಹೋಯಿತು.